ಹತ್ತು ರೂಪಾಯಿ ಏರಿದ್ದಕ್ಕೆ ಚಕ್ಕುಲಿಯೇ ಬೇಡ ಅನ್ನುತ್ತಿದೆ ಲೆಕ್ಕ. ಉತ್ತರ ಯಾವಾಗಲೂ ಮೂಲೆಗೇ ಏಕೆ ಹೋಗುತ್ತದೆ?

ಸುಧಾ_ತಿಂಡಿಮನೆ

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಚಕ್ಕುಲಿ, ಕೋಡುಬಳೆ ಮಾಡಿ ನಾಲ್ಕು ಅಂಗಡಿಗಳಿಗೆ ಕೊಡುತ್ತೇನೆ. ದಿನಕ್ಕೆ ಯಾವುದು ಎಷ್ಟು ಕೆಜಿ ಮಾಡಿದರೆ ಒಳ್ಳೆಯದು ಅಂತ ತಿಳಿಯಲು ಮಗ ಎಕ್ಸೆಲ್‌ನಲ್ಲಿ ಸಾಲ್ವರ್ ಹಾಕಿಕೊಟ್ಟಿದ್ದಾನೆ. ಲೆಕ್ಕ ಹೀಗಿದೆ.

ಒಲೆ ದಿನಕ್ಕೆ 10 ಗಂಟೆ, ಅಂದರೆ 600 ನಿಮಿಷ ಉರಿಯುತ್ತದೆ. ಒಂದು ಕೆಜಿ ಚಕ್ಕುಲಿ ಕರಿಯಲು 20 ನಿಮಿಷ ಬೇಕು. ಕೋಡುಬಳೆ ದಪ್ಪ, ಸಣ್ಣ ಉರಿಯಲ್ಲೇ ಬೇಯಬೇಕು, ಅದಕ್ಕೆ 30 ನಿಮಿಷ. ಒಂದು ಕೆಜಿ ಚಕ್ಕುಲಿ 300 ಗ್ರಾಂ ಎಣ್ಣೆ ಕುಡಿಯುತ್ತದೆ, ಕೋಡುಬಳೆ 200 ಗ್ರಾಂ. ದಿನಕ್ಕೆ ಹೀಗೆ ಖರ್ಚಾಗಲು ನಾನು ಇಟ್ಟಿರುವ ಎಣ್ಣೆ 7.5 ಕೆಜಿ. ಖರ್ಚೆಲ್ಲಾ ಕಳೆದು ಚಕ್ಕುಲಿಗೆ ಕೆಜಿಗೆ 60 ರೂಪಾಯಿ, ಕೋಡುಬಳೆಗೆ 70 ರೂಪಾಯಿ ಉಳಿಯುತ್ತದೆ.

ಸಾಲ್ವರ್ ಹೇಳಿದ್ದು: ಚಕ್ಕುಲಿ 21, ಕೋಡುಬಳೆ 6, ಲಾಭ 1680. ಸರಿ ಅನ್ನಿಸಿತು.

ಆಮೇಲೆ ಕೋಡುಬಳೆ ರೇಟು ಏರಿತು. ಲಾಭ 85 ಅಂತ ಹಾಕಿದೆ. ಉತ್ತರ ಕದಲಲೇ ಇಲ್ಲ, ಮತ್ತೆ 21 ಮತ್ತು 6. ಇನ್ನು ಹತ್ತು ರೂಪಾಯಿ ಸೇರಿಸಿ 95 ಅಂತ ಹಾಕಿದೆ. ಚಕ್ಕುಲಿ 0, ಕೋಡುಬಳೆ 20 ಬಂತು! ಅದೂ ಎಣ್ಣೆ 3.5 ಕೆಜಿ ಸುಮ್ನೆ ಉಳಿಯುತ್ತದೆ. ರೇಟು ಸ್ವಲ್ಪ ಏರಿದರೆ ಕೋಡುಬಳೆ ಸ್ವಲ್ಪ ಜಾಸ್ತಿ ಆಗಬೇಕು, ಅಲ್ವಾ? ಒಂದೋ ಕದಲುವುದಿಲ್ಲ, ಇಲ್ಲಾ ಪೂರ್ತಿ ಆ ಕಡೆಗೆ ಹಾರುತ್ತದೆ. ಮಗನನ್ನು ಕೇಳಿದರೆ "ಅಮ್ಮ, ಉತ್ತರ ಯಾವಾಗಲೂ ಮೂಲೆಯಲ್ಲೇ ಇರುತ್ತದೆ" ಅಂದ. ಏಕೆ ಅಂದರೆ ಗೊತ್ತಿಲ್ಲ ಅಂದ. ಯಾರಾದರೂ ಬಿಡಿಸಿ ಹೇಳುತ್ತೀರಾ?

ಅನಿಲ್77

ಅಕ್ಕ, ಇನ್ನೊಂದು ಒಲೆ ಇಟ್ಟುಬಿಡಿ. ಸಮಯ ಸಾಲದೆ ಹೀಗಾಗುತ್ತಿದೆ. ಎರಡೂ ಬೇಕಾದಷ್ಟು ಮಾಡಬಹುದು.

ಸುಧಾ_ತಿಂಡಿಮನೆ

ಅನಿಲ್ ಅವರೇ, ಒಲೆ ಇಡಲು ಜಾಗ ಇಲ್ಲ. ಇದ್ದರೂ ನನ್ನ ಪ್ರಶ್ನೆ ಅದಲ್ಲ. ಎರಡು ಒಲೆ ಇಟ್ಟರೂ ಲೆಕ್ಕ ಹೀಗೇ ಹಾರುತ್ತದೆ ಅನ್ನಿಸುತ್ತಿದೆ.

ಕಿರಣ್_ಕೋಡ್

ಇದಕ್ಕೆ ಕಾರಣ ಪ್ರದೇಶ ಕಾನ್ವೆಕ್ಸ್ ಆಗಿರುವುದು. ಮಿತಿಗಳೆಲ್ಲ ನೇರ ಗೆರೆಗಳು, ಅವುಗಳ ಒಳಗೆ ಸಿಗುವ ಜಾಗಕ್ಕೆ ಎಲ್ಲೂ ತಗ್ಗು ಇಲ್ಲ. ಕಾನ್ವೆಕ್ಸ್ ಪ್ರದೇಶದಲ್ಲಿ ಗರಿಷ್ಠ ಯಾವಾಗಲೂ ಮೂಲೆಯಲ್ಲಿ ಇರುತ್ತದೆ. ನಾನೂ ಪೈಥಾನ್‌ನಲ್ಲಿ ಓಡಿಸಿ ನೋಡಿದೆ, ನಿಮ್ಮ ಉತ್ತರ ಸರಿ ಇದೆ. ಒಲೆಯನ್ನು 10 ನಿಮಿಷದ ಲೆಕ್ಕದಲ್ಲಿ, ಎಣ್ಣೆಯನ್ನು 100 ಗ್ರಾಂ ಲೆಕ್ಕದಲ್ಲಿ ಇಟ್ಟಿದ್ದೇನೆ.

```python
from scipy.optimize import linprog
r = linprog(c=[-60, -70],
            A_ub=[[2, 3], [3, 2]],
            b_ub=[60, 75],
            method="highs")
print(r.x, -r.fun)
```

`linprog` ಕನಿಷ್ಠವನ್ನು ಹುಡುಕುತ್ತದೆ, ಅದಕ್ಕೇ ಲಾಭದ ಮುಂದೆ ಮೈನಸ್. ಪ್ರಮಾಣ ಸೊನ್ನೆಗಿಂತ ಕಡಿಮೆ ಆಗಬಾರದು ಅನ್ನುವುದನ್ನು ಅದು ತಾನೇ ಸೇರಿಸಿಕೊಳ್ಳುತ್ತದೆ.

ಪಿಯು_ಮೇಷ್ಟ್ರು

ಸುಧಾ ಅವರೇ, ಇದನ್ನು ನಾವು ದ್ವಿತೀಯ ಪಿಯುಸಿಯಲ್ಲಿ ಪ್ರತಿ ವರ್ಷ ಪಾಠ ಮಾಡುತ್ತೇವೆ. ಗ್ರಾಫ್ ಹಾಳೆ ತೆಗೆದುಕೊಳ್ಳಿ. ಅಡ್ಡಕ್ಕೆ ಚಕ್ಕುಲಿ, ಉದ್ದಕ್ಕೆ ಕೋಡುಬಳೆ. ಒಲೆಯ ಗೆರೆ ಅಡ್ಡದಲ್ಲಿ 30ರಿಂದ ಉದ್ದದಲ್ಲಿ 20ಕ್ಕೆ ಹೋಗುತ್ತದೆ. ಎಣ್ಣೆಯ ಗೆರೆ ಅಡ್ಡದಲ್ಲಿ 25ರಿಂದ ಉದ್ದದಲ್ಲಿ 37.5ಕ್ಕೆ. ಎರಡೂ ಗೆರೆಗಳ ಕೆಳಗೆ ಉಳಿಯುವ ಜಾಗವೇ ನೀವು ಮಾಡಬಹುದಾದದ್ದು. ಅದಕ್ಕೆ ನಾಲ್ಕು ಮೂಲೆ: ಏನೂ ಮಾಡದೆ ಇರುವುದು, ಬರೀ ಚಕ್ಕುಲಿ 25, ಬರೀ ಕೋಡುಬಳೆ 20, ಮತ್ತು ಎರಡು ಗೆರೆ ಸೇರುವ (21, 6).

ಈಗ ಒಂದು ಸ್ಕೇಲ್ ಇಡಿ. 1200 ರೂಪಾಯಿ ಲಾಭ ಕೊಡುವ ಜೋಡಿಗಳೆಲ್ಲ ಒಂದೇ ನೇರ ಗೆರೆಯ ಮೇಲೆ ಇರುತ್ತವೆ. 1300ರವು ಅದಕ್ಕೆ ಸಮಾನಾಂತರವಾಗಿ ಸ್ವಲ್ಪ ಮೇಲೆ. ಸ್ಕೇಲನ್ನು ವಾಲಿಸದೆ ಹಾಗೇ ಮೇಲಕ್ಕೆ ಸರಿಸುತ್ತಾ ಹೋಗಿ. ಜಾಗವನ್ನು ಬಿಟ್ಟು ಹೊರಡುವ ಕೊನೆಯ ಗಳಿಗೆಯಲ್ಲಿ ಅದು ಮೂಲೆಯನ್ನೇ ಮುಟ್ಟಿಕೊಂಡಿರುತ್ತದೆ.

ನಿಮ್ಮ ಹಾರುವಿಕೆಗೂ ಉತ್ತರ ಇಲ್ಲೇ ಇದೆ. ಕೋಡುಬಳೆ ಲಾಭ ಏರಿದಾಗ ಸ್ಕೇಲಿನ ಓರೆ ಬದಲಾಗುತ್ತದೆ, ಜಾಗ ಬದಲಾಗುವುದಿಲ್ಲ. 70 ಆಗಲಿ 85 ಆಗಲಿ, ಸ್ಕೇಲ್ ಒಲೆಯ ಗೆರೆಗಿಂತ ಕಡಿದಾಗಿದೆ, ಹಾಗಾಗಿ ಕೊನೆಗೆ ಮುಟ್ಟುವುದು (21, 6). ಸರಿಯಾಗಿ 90ಕ್ಕೆ ಸ್ಕೇಲ್ ಮತ್ತು ಒಲೆಯ ಗೆರೆ ಸಮಾನಾಂತರ. 90 ದಾಟಿದ ತಕ್ಷಣ ಸ್ಕೇಲ್ ಇನ್ನೂ ಚಪ್ಪಟೆ, ಕೊನೆಯ ಸ್ಪರ್ಶ ಬರೀ ಕೋಡುಬಳೆಯ ತುದಿಗೆ ಹೋಗುತ್ತದೆ.

ಸುಧಾ_ತಿಂಡಿಮನೆ

ಮೇಷ್ಟ್ರೇ, ಅಡುಗೆಮನೆ ಕಟ್ಟೆ ಮೇಲೆ ಹಾಳೆ ಹಾಸಿಕೊಂಡು ಮಾಡಿ ನೋಡಿದೆ. 95ಕ್ಕೆ (21, 6)ರಲ್ಲಿ 1830, (0, 20)ರಲ್ಲಿ 1900. ಹಾರಿದ್ದು ಏಕೆ ಅಂತ ಕಣ್ಣಿಗೆ ಕಾಣಿಸಿತು. ತುಂಬಾ ಥ್ಯಾಂಕ್ಸ್. ಆದರೆ ಮುಂದಿನ ತಿಂಗಳು ನಿಪ್ಪಟ್ಟು, ರಿಬ್ಬನ್ ಪಕೋಡ, ಅವಲಕ್ಕಿ ಚೂಡಾ ಸೇರಿಸಬೇಕು ಅಂತಿದ್ದೇನೆ. ಐದು ತಿಂಡಿಗೆ ಗ್ರಾಫ್ ಹೇಗೆ ಎಳೆಯುವುದು? ಆಗಲೂ ಮೂಲೆಯೇ ಅನ್ನಲು ಏನು ಆಧಾರ?

ಶಾಲಿನಿ_ಧಾರವಾಡ

ಸಾಗಾಣಿಕೆ ಯೋಜನೆಯ ಲೆಕ್ಕಗಳಲ್ಲಿ ದಿನಾ ಇದನ್ನೇ ಬಳಸುತ್ತೇನೆ, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ. ಸುಧಾ ಅವರೇ, ಹಾಳೆ ಬೇಡದ ಒಂದು ದಾರಿ ಇದೆ. ಅದು ಐದು ತಿಂಡಿಗೂ ನಡೆಯುತ್ತದೆ, ಐನೂರಕ್ಕೂ ನಡೆಯುತ್ತದೆ.

ಮೂಲೆ ಅಲ್ಲದ ಜಾಗ ಅಂದರೇನು ಅಂತ ಮೊದಲು ನೋಡೋಣ. ಅಲ್ಲಿ ನಿಂತರೆ ಯಾವುದೋ ಒಂದು ದಿಕ್ಕಿನಲ್ಲಿ ಮುಂದಕ್ಕೂ ಒಂದು ಹೆಜ್ಜೆ ಇಡಬಹುದು, ಅದೇ ದಾರಿಯಲ್ಲಿ ಹಿಂದಕ್ಕೂ ಒಂದು ಹೆಜ್ಜೆ ಇಡಬಹುದು. ಎರಡೂ ಕಡೆ ಮಿತಿ ಮುರಿಯುವುದಿಲ್ಲ. ಮೂಲೆಯಲ್ಲಿ ಇದು ಆಗುವುದಿಲ್ಲ. ಅಲ್ಲಿ ಯಾವ ದಿಕ್ಕು ಹಿಡಿದರೂ ಮುಂದೋ ಹಿಂದೋ ಒಂದು ಕಡೆ ಗೋಡೆ ಇರುತ್ತದೆ.

ಈಗ ಲಾಭದ ವಿಷಯ. ಲಾಭ ನೇರ ಲೆಕ್ಕ. ಮುಂದಿನ ಹೆಜ್ಜೆಗೆ 40 ರೂಪಾಯಿ ಏರಿದರೆ, ಹಿಂದಿನ ಹೆಜ್ಜೆಗೆ ಸರಿಯಾಗಿ 40 ಇಳಿಯುತ್ತದೆ. ಹಾಗಾಗಿ ಮೂಲೆ ಅಲ್ಲದ ಜಾಗದಲ್ಲಿ ನಿಂತವರಿಗೆ ಲಾಭ ಕಡಿಮೆಯಾಗದ ಒಂದು ದಿಕ್ಕು ಯಾವಾಗಲೂ ಇದ್ದೇ ಇರುತ್ತದೆ. ಆ ಕಡೆ ನಡೆಯಿರಿ, ಗೋಡೆ ತಗಲುವವರೆಗೆ. ನೇರ ಲೆಕ್ಕ ಆದ್ದರಿಂದ ನಡುದಾರಿಯಲ್ಲಿ ಲಾಭ ಸೋರುವ ಪ್ರಶ್ನೆಯೇ ಇಲ್ಲ.

ನಿಮ್ಮ ಲೆಕ್ಕದಲ್ಲೇ ನಡೆಯೋಣ. ಚಕ್ಕುಲಿ 15, ಕೋಡುಬಳೆ 8ರಲ್ಲಿ ಶುರು ಮಾಡಿ, ಲಾಭ ಹಳೆಯ 60 ಮತ್ತು 70. ಒಟ್ಟು 1460. ಒಲೆಯಲ್ಲೂ ಸಮಯ ಉಳಿದಿದೆ, ಎಣ್ಣೆಯೂ ಉಳಿದಿದೆ. ಬರೀ ಚಕ್ಕುಲಿ ಹೆಚ್ಚಿಸುತ್ತಾ ಹೋಗಿ. 18 ಕೆಜಿಗೆ ಒಲೆಯ 600 ನಿಮಿಷ ಮುಗಿಯಿತು. ಈಗ (18, 8), ಲಾಭ 1640. ಒಂದು ಗೋಡೆ ತಗಲಿತು.

ಇನ್ನು ಒಲೆ ತುಂಬಿಯೇ ಇರಬೇಕು, ಆದರೆ ಅದಲುಬದಲು ಮಾಡಬಹುದು. 2 ಕೆಜಿ ಕೋಡುಬಳೆ ಬಿಟ್ಟರೆ 60 ನಿಮಿಷ ಸಿಗುತ್ತದೆ, ಅದರಲ್ಲಿ 3 ಕೆಜಿ ಚಕ್ಕುಲಿ ಆಗುತ್ತದೆ. 140 ಹೋಗಿ 180 ಬರುತ್ತದೆ, 40 ಲಾಭ. ಒಂದು ಸಲ ಹಾಗೆ ಮಾಡಿದರೆ (21, 6). ಅಲ್ಲಿಗೆ ಎಣ್ಣೆಯೂ ಸರಿಯಾಗಿ 7.5 ಕೆಜಿ. ಎರಡನೇ ಗೋಡೆ. ಇನ್ನು ಎರಡೂ ಕಡೆಗೆ ನಡೆಯುವ ಜಾಗವೇ ಇಲ್ಲ. ಅದೇ ಮೂಲೆ, 1680.

ಪ್ರತಿ ನಡಿಗೆಗೂ ಒಂದು ಹೊಸ ಗೋಡೆ ಸೇರುತ್ತದೆ, ಹಳೆಯವು ಬಿಟ್ಟುಹೋಗುವುದಿಲ್ಲ. ಐದು ತಿಂಡಿ ಇದ್ದರೆ ಹೆಚ್ಚೆಂದರೆ ಐದು ನಡಿಗೆಗೆ ಮೂಲೆ ತಲುಪುತ್ತೀರಿ. ಎಲ್ಲಿಂದ ಹೊರಟರೂ, ಹೊರಟ ಜಾಗಕ್ಕಿಂತ ಕಡಿಮೆಯಿಲ್ಲದ ಒಂದು ಮೂಲೆ ಸಿಗುತ್ತದೆ. ಹಾಗಾಗಿ ಎಲ್ಲಕ್ಕಿಂತ ಒಳ್ಳೆಯ ಜಾಗದಿಂದ ಹೊರಟರೂ ಅಷ್ಟೇ ಒಳ್ಳೆಯ ಮೂಲೆ ಒಂದು ಇರಲೇಬೇಕು.

ಕಿರಣ್ ಅವರೇ, ನಿಮ್ಮ ಮಾತು ಅರ್ಧ ಸರಿ. ಮೂಲೆಗೆ ಹೋಗಲು ಕಾರಣ ಪ್ರದೇಶದ ಆಕಾರ ಒಂದೇ ಅಲ್ಲ, ಲಾಭ ನೇರವಾಗಿರುವುದು. ಇದೇ ಜಾಗವನ್ನು ಇಟ್ಟುಕೊಂಡು "10 ಕೆಜಿ ಚಕ್ಕುಲಿ, 5 ಕೆಜಿ ಕೋಡುಬಳೆಗೆ ಆದಷ್ಟು ಹತ್ತಿರ ಇರಬೇಕು" ಅಂತ ಗುರಿ ಇಟ್ಟರೆ, ಉತ್ತರ ಜಾಗದ ನಟ್ಟನಡುವೆ (10, 5)ರಲ್ಲೇ ಸಿಗುತ್ತದೆ. ಪ್ರದೇಶ ಆಗಲೂ ಕಾನ್ವೆಕ್ಸ್ ತಾನೇ?

ಕಿರಣ್_ಕೋಡ್

ಒಪ್ಪಿದೆ ಮೇಡಂ, ಆ ಉದಾಹರಣೆ ಯೋಚಿಸಿರಲಿಲ್ಲ. ಹಾಗಾದರೆ ಕಾನ್ವೆಕ್ಸ್ ಅನ್ನುವುದು ಯಾವುದಕ್ಕೆ ಬೇಕು? ಎಲ್ಲರೂ ಅದನ್ನೇ ಹೇಳುತ್ತಾರಲ್ಲ.

ಪಿಯು_ಮೇಷ್ಟ್ರು

ನಾನು ಹೇಳಲಾ? ನಕ್ಷತ್ರದ ಆಕಾರದ ರಟ್ಟು ತೆಗೆದುಕೊಂಡು ಅದರ ಮೇಲೆ ಸ್ಕೇಲ್ ಸರಿಸಿ. ಅದು ಕಾನ್ವೆಕ್ಸ್ ಅಲ್ಲ. ಆದರೂ ಕೊನೆಗೆ ಮುಟ್ಟುವುದು ಒಂದು ತುದಿಯನ್ನೇ. ಮೂಲೆಗೆ ಕಾನ್ವೆಕ್ಸ್ ಬೇಕಾಗಿಲ್ಲ. ಇಷ್ಟು ವರ್ಷ ಪಾಠ ಮಾಡಿದರೂ ಈ ಎರಡನ್ನು ನಾನು ಬೇರೆ ಮಾಡಿ ಹೇಳಿರಲಿಲ್ಲ.

ಶಾಲಿನಿ_ಧಾರವಾಡ

ಅದೇ, ಮೇಷ್ಟ್ರೇ. ಕಾನ್ವೆಕ್ಸ್ ಬೇಕಾಗುವುದು ನಿಲ್ಲುವ ಧೈರ್ಯಕ್ಕೆ. ನಕ್ಷತ್ರದ ಒಂದು ತುದಿಯಲ್ಲಿ ನಿಂತರೆ ಅಕ್ಕಪಕ್ಕ ಎಲ್ಲಾ ಕಡೆ ಇಳಿಜಾರು. ಇದೇ ಎತ್ತರ ಅಂದುಕೊಂಡು ನಿಂತುಬಿಡುತ್ತೀರಿ, ಆದರೆ ಇನ್ನೊಂದು ತುದಿ ಅದಕ್ಕಿಂತ ಮೇಲಿರಬಹುದು. ನಮ್ಮ ಜಾಗದಲ್ಲಿ ಹಾಗಾಗುವುದಿಲ್ಲ. ಪಕ್ಕದ ಯಾವ ಮೂಲೆಯೂ ಇದಕ್ಕಿಂತ ಮೇಲಿಲ್ಲ ಅಂದರೆ, ದೂರದ್ದೂ ಮೇಲಿಲ್ಲ. 1947ರಲ್ಲಿ ಜಾರ್ಜ್ ಡ್ಯಾಂಟ್ಜಿಗ್ ಕಟ್ಟಿದ ಸಿಂಪ್ಲೆಕ್ಸ್ ಎಂಬ ಲೆಕ್ಕದ ವಿಧಾನ ಪೂರ್ತಿ ನಿಂತಿರುವುದು ಈ ನಂಬಿಕೆಯ ಮೇಲೆ. ಒಂದು ಮೂಲೆಯಿಂದ ಪಕ್ಕದ ಮೂಲೆಗೆ, ಲಾಭ ಏರುತ್ತಿರುವವರೆಗೆ.

ಸುಧಾ ಅವರು 1680ಕ್ಕಿಂತ ಜಾಸ್ತಿ ಇಲ್ಲ ಅನ್ನುವುದನ್ನು ಕೈಯಲ್ಲೇ ಪರೀಕ್ಷಿಸಬಹುದು. ಚಕ್ಕುಲಿ x ಕೆಜಿ, ಕೋಡುಬಳೆ y ಕೆಜಿ ಅಂದುಕೊಳ್ಳಿ. ಒಲೆಯ ಮಿತಿ, 10 ನಿಮಿಷದ ಲೆಕ್ಕದಲ್ಲಿ, `2x + 3y ≤ 60`. ಎಣ್ಣೆಯ ಮಿತಿ, 100 ಗ್ರಾಂ ಲೆಕ್ಕದಲ್ಲಿ, `3x + 2y ≤ 75`. ಮೊದಲನೆಯದನ್ನು 18ರಿಂದ, ಎರಡನೆಯದನ್ನು 8ರಿಂದ ಗುಣಿಸಿ ಕೂಡಿಸಿ. ಎಡಗಡೆ `60x + 70y` ಬರುತ್ತದೆ, ಅದು ನಿಮ್ಮ ಲಾಭವೇ. ಬಲಗಡೆ 1080 + 600 = 1680. ಯಾರು ಯಾವ ಜೋಡಿ ತಂದರೂ ಮಿತಿಯೊಳಗೆ ಇದನ್ನು ದಾಟಲು ಆಗದು. ಆ 18 ಮತ್ತು 8 ಎಲ್ಲಿಂದ ಬಂದವು ಅಂದರೆ, ಎರಡು ಗೆರೆಗಳನ್ನು ಬೆರೆಸಿ ಲಾಭದ ಗೆರೆ ಮಾಡಲು ಬೇಕಾದ ಪಾಲು ಅಷ್ಟೇ. ಅನಿಲ್ ಅವರ ಒಲೆಗೂ ಇದು ಉತ್ತರ: ಒಲೆ ಒಂದು ಗಂಟೆ ಹೆಚ್ಚು ಉರಿದರೆ ಆರು ಸಲ 18, ಅಂದರೆ 108 ರೂಪಾಯಿ ಹೆಚ್ಚು.

ಹಟ್ಟಿ_ಮಂಜು

ಇಲ್ಲಿ ನನ್ನದೂ ಒಂದು ಇದೆ, ಕೇಳಬಹುದಾ? ನಮ್ಮಲ್ಲಿ 12 ಹಸು ಇವೆ. ಹಿಂಡಿ ಮಿಶ್ರಣ ನಾವೇ ಮಾಡಿಕೊಳ್ಳುತ್ತೇವೆ. ಮೆಕ್ಕೆಜೋಳ, ಗೋಧಿ ಬೂಸಾ, ಅಕ್ಕಿ ತೌಡು, ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿ ಹೀಗೆ 11 ಪದಾರ್ಥ ಶೀಟಿನಲ್ಲಿ ಬರೆದೆ. ಒಟ್ಟು ತೂಕ 100 ಕೆಜಿ ಅನ್ನುವುದು ಸೇರಿ ಷರತ್ತು ನಾಲ್ಕು. ಖರ್ಚು ಕಡಿಮೆ ಮಾಡು ಅಂದರೆ ಬರೀ 4 ಪದಾರ್ಥ ಕೊಟ್ಟು ಉಳಿದ ಏಳಕ್ಕೆ ಸೊನ್ನೆ ಹಾಕಿದೆ. ರೇಟು ಬದಲಿಸಿ ಬದಲಿಸಿ ನೋಡಿದೆ. ಪದಾರ್ಥದ ಹೆಸರು ಬದಲಾಗುತ್ತದೆ, ನಾಲ್ಕು ಅನ್ನುವುದು ದಾಟುವುದೇ ಇಲ್ಲ. ನನ್ನ ಶೀಟು ಕೆಟ್ಟಿದೆ ಅಂದುಕೊಂಡಿದ್ದೆ.

ಶಾಲಿನಿ_ಧಾರವಾಡ

ಮಂಜು ಅವರೇ, ಶೀಟು ಕೆಟ್ಟಿಲ್ಲ. ಗೋಡೆ ಎಣಿಸಿ ನೋಡಿ. ನಿಮ್ಮದು 11 ಪದಾರ್ಥ, ಹಾಗಾಗಿ ಮೂಲೆಯಲ್ಲಿ ನಿಲ್ಲಲು 11 ಗೋಡೆ ತಗಲಬೇಕು. ನಿಮ್ಮ ಷರತ್ತುಗಳಿಂದ ಹೆಚ್ಚೆಂದರೆ 4 ಗೋಡೆ ಸಿಗುತ್ತವೆ. ಉಳಿದ 7 ಎಲ್ಲಿಂದ ಬರಬೇಕು? "ಈ ಪದಾರ್ಥ ಸೊನ್ನೆಗಿಂತ ಕಡಿಮೆ ಆಗಬಾರದು" ಅನ್ನುವ ಗೋಡೆಗಳಿಂದಲೇ. ಅಂದರೆ ಕನಿಷ್ಠ ಏಳು ಸೊನ್ನೆ, ಹೆಚ್ಚೆಂದರೆ ನಾಲ್ಕು ಪದಾರ್ಥ.

ಇದಕ್ಕೆ ಹಳೆಯ ಉದಾಹರಣೆ ಇದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1945ರಲ್ಲಿ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಬೇಕಾದ ಪೋಷಕಾಂಶ ಅತಿ ಕಡಿಮೆ ಖರ್ಚಿನಲ್ಲಿ ಹೇಗೆ ಅಂತ ಲೆಕ್ಕ ಹಾಕಿದರು. 77 ಆಹಾರ, 9 ಪೋಷಕಾಂಶ. ಆಗ ಸಿಂಪ್ಲೆಕ್ಸ್ ಇರಲಿಲ್ಲ, ಅಂದಾಜಿನಲ್ಲೇ 1939ರ ಬೆಲೆಗೆ 39.93 ಡಾಲರ್ ಅಂತ ತಂದರು. 1947ರಲ್ಲಿ ಜ್ಯಾಕ್ ಲೇಡರ್‌ಮನ್ ತಂಡ ಅದನ್ನೇ ಸಿಂಪ್ಲೆಕ್ಸ್‌ನಿಂದ ಕೈ ಯಂತ್ರಗಳಲ್ಲಿ ಬಿಡಿಸಿತು. 39.69 ಡಾಲರ್ ಬಂತು. 9 ಷರತ್ತು ಇದ್ದುದರಿಂದ 9 ಆಹಾರ ದಾಟುವಂತೆಯೇ ಇರಲಿಲ್ಲ. ಕೊನೆಗೆ ಉಳಿದದ್ದು ಐದೇ: ಗೋಧಿ ಹಿಟ್ಟು, ಎಲೆಕೋಸು, ಪಾಲಕ್, ಒಣ ಬೀನ್ಸ್ ಕಾಳು ಮತ್ತು ದನದ ಯಕೃತ್ತು.

ಹಟ್ಟಿ_ಮಂಜು

ಅಂದರೆ ಹತ್ತಿಕಾಳು ಹಿಂಡಿ 20 ಕೆಜಿ ದಾಟಬಾರದು ಅಂತ ಒಂದು ಷರತ್ತು ಸೇರಿಸಿದಾಗ 5 ಪದಾರ್ಥ ಬಂದದ್ದು ಅದಕ್ಕೇನಾ? ಅದು ಐದನೇ ಗೋಡೆ!

ಶಾಲಿನಿ_ಧಾರವಾಡ

ಹೌದು, ಅದಕ್ಕೇ. ಹತ್ತಿಕಾಳು ಹಿಂಡಿ 20ಕ್ಕೆ ತಗಲಿ ನಿಂತಿದೆ ಅಂತ ಅರ್ಥ. 20ಕ್ಕಿಂತ ಕಡಿಮೆ ಬಂದಿದ್ದರೆ ಆ ಗೋಡೆ ಲೆಕ್ಕಕ್ಕೆ ಬರುತ್ತಿರಲಿಲ್ಲ, ಮತ್ತೆ ನಾಲ್ಕೇ.

ಕಿರಣ್_ಕೋಡ್

ಮೇಡಂ, ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ಕೋಡುಬಳೆ ಲಾಭ ಸರಿಯಾಗಿ 90 ಅಂತ ಹಾಕಿ, ಬೇರೊಂದು ಸಾಲ್ವರ್‌ನಲ್ಲಿ ಇಂಟೀರಿಯರ್ ಪಾಯಿಂಟ್ ವಿಧಾನದಿಂದ ಓಡಿಸಿದೆ. ಚಕ್ಕುಲಿ ಸುಮಾರು 8.1, ಕೋಡುಬಳೆ 14.6 ಬಂತು. ಲಾಭ 1800. ಇದು ಯಾವ ಮೂಲೆಯೂ ಅಲ್ಲ! ಸಿಂಪ್ಲೆಕ್ಸ್‌ನಲ್ಲಿ ಓಡಿಸಿದರೆ ಮೂಲೆಯೇ ಬರುತ್ತದೆ, ಲಾಭ ಅದೇ 1800.

ಪಿಯು_ಮೇಷ್ಟ್ರು

90ಕ್ಕೆ ಸ್ಕೇಲ್ ಒಲೆಯ ಗೆರೆಯ ಮೇಲೆ ಪೂರ್ತಿ ಮಲಗುತ್ತದೆ. (21, 6)ರಲ್ಲೂ 1800, (0, 20)ರಲ್ಲೂ 1800, ನಡುವಿನ (12, 12)ರಲ್ಲೂ 1800. ಆ ಅಂಚು ಪೂರ್ತಿ ಉತ್ತರವೇ. ಪರೀಕ್ಷೆಯಲ್ಲಿ ಮಕ್ಕಳು ಎರಡು ಮೂಲೆಯಲ್ಲಿ ಒಂದೇ ಬೆಲೆ ಬಂದರೆ ಗಾಬರಿಯಾಗುತ್ತಾರೆ, ಅಲ್ಲಿ ಹೇಳಬೇಕಾದ್ದು ಇದೇ.

ಶಾಲಿನಿ_ಧಾರವಾಡ

ಮೇಷ್ಟ್ರು ಹೇಳಿದ್ದು ಸರಿ. ಹಾಗಾಗಿ ಸುಧಾ ಅವರ ಮಗನ ಮಾತನ್ನು ಸ್ವಲ್ಪ ತಿದ್ದಬೇಕು. ಎಲ್ಲಾ ಉತ್ತರಗಳೂ ಮೂಲೆಯಲ್ಲಿ ಇರುತ್ತವೆ ಅನ್ನುವುದು ನಿಜವಲ್ಲ. ಉತ್ತರಗಳಲ್ಲಿ ಒಂದಾದರೂ ಮೂಲೆಯಲ್ಲಿ ಇರುತ್ತದೆ ಅನ್ನುವುದು ನಿಜ. ಸಿಂಪ್ಲೆಕ್ಸ್ ಮೂಲೆಗಳ ಮೇಲೇ ನಡೆಯುತ್ತದೆ, ಅದಕ್ಕೆ ಮೂಲೆಯೇ ಸಿಗುತ್ತದೆ. ಇಂಟೀರಿಯರ್ ಪಾಯಿಂಟ್ ಒಳಗಿನಿಂದ ಬರುತ್ತದೆ, ಅಂಚು ಪೂರ್ತಿ ಸಮನಾಗಿದ್ದರೆ ಅಂಚಿನ ನಡುವೆ ಎಲ್ಲೋ ನಿಲ್ಲುತ್ತದೆ. ಬಹಳಷ್ಟು ಸಾಲ್ವರ್‌ಗಳು ಕೊನೆಯಲ್ಲಿ ಕ್ರಾಸ್‌ಓವರ್ ಅನ್ನುವ ಹಂತ ಓಡಿಸಿ ಉತ್ತರವನ್ನು ಮೂಲೆಗೆ ತರುತ್ತವೆ. ನೀವು ಬಳಸಿದ್ದರಲ್ಲಿ ಅದು ಆಫ್ ಆಗಿರಬೇಕು. ಕ್ರಾಸ್‌ಓವರ್ ಮಾಡುವುದೂ ಹೆಚ್ಚುಕಡಿಮೆ ಮೇಲೆ ನಾವು ನಡೆದ ನಡಿಗೆಯನ್ನೇ.

ಇನ್ನೊಂದು ಷರತ್ತೂ ಇದೆ: ಜಾಗಕ್ಕೆ ಮೂಲೆ ಇರಬೇಕು! ಎರಡು ಸಮಾನಾಂತರ ಗೆರೆಗಳ ನಡುವಿನ ಪಟ್ಟಿ ಯೋಚಿಸಿ, ಎರಡೂ ಕಡೆ ಕೊನೆಯಿಲ್ಲದ ರಸ್ತೆಯ ಹಾಗೆ. ಅದಕ್ಕೆ ಮೂಲೆಯೇ ಇಲ್ಲ. ರಸ್ತೆಯ ಅಡ್ಡಕ್ಕೆ ಲಾಭ ಏರಿದರೆ ಉತ್ತರ ಇರುತ್ತದೆ, ಆದರೆ ಅಂಚಿನ ಉದ್ದಕ್ಕೂ ಇರುತ್ತದೆ. ತಿಂಡಿ, ಹಿಂಡಿ ಲೆಕ್ಕದಲ್ಲಿ ಈ ಚಿಂತೆ ಬೇಡ. ಪ್ರಮಾಣ ಸೊನ್ನೆಗಿಂತ ಕಡಿಮೆ ಆಗಬಾರದು ಅಂದ ಕೂಡಲೇ ಮೂಲೆ ಹುಟ್ಟುತ್ತದೆ. ಎಕ್ಸೆಲ್‌ನಲ್ಲಿ `Make Unconstrained Variables Non-Negative` ಟಿಕ್ ಆಗಿದೆಯಾ, ವಿಧಾನ `Simplex LP` ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಸುಧಾ_ತಿಂಡಿಮನೆ

ಎರಡೂ ನೋಡಿದೆ, ಸರಿ ಇವೆ. ಇನ್ನೊಂದು ತೊಡಕು ಹೇಳಲು ಮರೆತಿದ್ದೆ. ಅಂಗಡಿಯವರು 5 ಕೆಜಿ ಡಬ್ಬದ ಲೆಕ್ಕದಲ್ಲಿ ತೆಗೆದುಕೊಳ್ಳುತ್ತಾರೆ. 21 ಮತ್ತು 6 ಅಂದರೆ 4.2 ಡಬ್ಬ ಮತ್ತು 1.2 ಡಬ್ಬ. ನಾನು 4 ಮತ್ತು 1 ಅಂತ ಕೊಡುತ್ತಿದ್ದೆ. ಸರಿ ತಾನೇ?

ಕಿರಣ್_ಕೋಡ್

ಅಕ್ಕ, ಸರಿ ಇಲ್ಲ! ಈಗಷ್ಟೇ ಎಲ್ಲಾ ಜೋಡಿ ಹಾಕಿ ನೋಡಿದೆ. ಹಳೆಯ 60, 70ರ ಲೆಕ್ಕದಲ್ಲಿ ಚಕ್ಕುಲಿ 4 ಡಬ್ಬ, ಕೋಡುಬಳೆ 1 ಡಬ್ಬ ಅಂದರೆ 1550. ಚಕ್ಕುಲಿ 3, ಕೋಡುಬಳೆ 2 ಅಂದರೆ 1600. ಒಲೆ ಸರಿಯಾಗಿ 600 ನಿಮಿಷ, ಎಣ್ಣೆ 6.5 ಕೆಜಿ. ದಿನಕ್ಕೆ 50 ರೂಪಾಯಿ ಬಿಟ್ಟುಕೊಡುತ್ತಿದ್ದೀರಿ.

ಸುಧಾ_ತಿಂಡಿಮನೆ

ಅಯ್ಯೋ, ಹತ್ತಿರದ ಪೂರ್ಣಸಂಖ್ಯೆ ತೆಗೆದುಕೊಂಡರೆ ಸಾಕು ಅಂದುಕೊಂಡಿದ್ದೆ. ಇದು ಮೂಲೆಯೂ ಅಲ್ಲವಲ್ಲ?

ಶಾಲಿನಿ_ಧಾರವಾಡ

ಈ ಜಾಗದ ಮೂಲೆ ಅಲ್ಲ. ಪೂರ್ತಿ ಡಬ್ಬವೇ ಬೇಕು ಅಂದಾಗ ನೀವು ನಿಲ್ಲಬಹುದಾದದ್ದು ಬಿಡಿ ಬಿಡಿ ಚುಕ್ಕೆಗಳ ಮೇಲೆ ಮಾತ್ರ. ಅರ್ಧ ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಅನ್ನುವ ನಡಿಗೆ ಅಲ್ಲಿ ಮುರಿದುಬೀಳುತ್ತದೆ. ಆ ಚುಕ್ಕೆಗಳ ಸುತ್ತ ದಾರ ಬಿಗಿದರೆ ಒಳಗೆ ಇನ್ನೊಂದು ಚಿಕ್ಕ ಜಾಗ ಬರುತ್ತದೆ, (3, 2) ಅದರ ಮೂಲೆ. ಎರಡು ತಿಂಡಿಗೆ ಆ ದಾರ ಕೈಯಲ್ಲಿ ಎಳೆಯಬಹುದು. ತಿಂಡಿ ಹೆಚ್ಚಾದರೆ ಅದನ್ನು ಕಂಡುಹಿಡಿಯುವುದೇ ದೊಡ್ಡ ಕೆಲಸ. ಸಾಲ್ವರ್‌ನಲ್ಲಿ ಡಬ್ಬದ ಸಂಖ್ಯೆಗೆ `int` ಅಂತ ಷರತ್ತು ಹಾಕಿ, ಅದು ಹುಡುಕುತ್ತದೆ. ನೀವೇ ಕೈಯಿಂದ ಸರಿಸುಮಾರು ಮಾಡಬೇಡಿ.

ಪಿಯು_ಮೇಷ್ಟ್ರು

ಮೊದಲ ಪ್ರಶ್ನೆಗೆ ಬರೋಣ. 95 ರೂಪಾಯಿಗೆ ಚಕ್ಕುಲಿ ಸೊನ್ನೆ ಅಂದರೆ ಅಂಗಡಿಯವರು ಸುಮ್ಮನಿರುವುದಿಲ್ಲ. "ಚಕ್ಕುಲಿ ಕನಿಷ್ಠ 8 ಕೆಜಿ" ಅಂತ ಒಂದು ಗೋಡೆ ಕಟ್ಟಿಬಿಡಿ. ಆಗ ಚಕ್ಕುಲಿ 8, ಕೋಡುಬಳೆ 14.67, ಲಾಭ ಸುಮಾರು 1873. ಬರೀ ಕೋಡುಬಳೆಗಿಂತ 27 ರೂಪಾಯಿ ಕಡಿಮೆ ಅಷ್ಟೇ.

ಕಿರಣ್_ಕೋಡ್

ಮೇಷ್ಟ್ರೇ, ಆ 8 ಎಲ್ಲಿಂದ ಬಂತು? ನಮಗೆ ಬೇಕಾದ ಉತ್ತರ ಬರಲಿ ಅಂತ ಗೋಡೆ ಕಟ್ಟಿದರೆ ಲೆಕ್ಕ ಮಾಡಿ ಏನು ಪ್ರಯೋಜನ? 10 ಅಂದರೆ 10ಕ್ಕೆ ನಿಲ್ಲುತ್ತದೆ, 5 ಅಂದರೆ 5ಕ್ಕೆ ನಿಲ್ಲುತ್ತದೆ.

ಪಿಯು_ಮೇಷ್ಟ್ರು

ಅಂಗಡಿಯವರ ಜೊತೆ ಇರುವ ಮಾತೂ ಒಂದು ಮಿತಿಯೇ, ಕಿರಣ್. ಎಷ್ಟು ಅನ್ನುವುದು ಸುಧಾ ಅವರಿಗೇ ಗೊತ್ತು. ಅದನ್ನು ಲೆಕ್ಕಕ್ಕೆ ಹೇಳದಿದ್ದರೆ ಲೆಕ್ಕಕ್ಕೆ ಹೇಗೆ ತಿಳಿಯಬೇಕು?

ಶಾಲಿನಿ_ಧಾರವಾಡ

ಇಬ್ಬರ ಮಾತೂ ಪಕ್ಕಕ್ಕಿಟ್ಟು ಒಂದು ಕೇಳುತ್ತೇನೆ. ಸುಧಾ ಅವರೇ, 20 ಕೆಜಿ ಕೋಡುಬಳೆಗೂ ನಿಮಗೆ ಕೆಜಿಗೆ 95 ಉಳಿಯುತ್ತದಾ? ಎಲ್ಲವನ್ನೂ ಅದೇ ರೇಟಿಗೆ ತೆಗೆದುಕೊಳ್ಳುತ್ತಾರಾ?

ಸುಧಾ_ತಿಂಡಿಮನೆ

ಇಲ್ಲ. ನಾಲ್ಕು ಅಂಗಡಿ ಸೇರಿ 10 ಕೆಜಿವರೆಗೆ ಆ ರೇಟು. ಅದಕ್ಕಿಂತ ಜಾಸ್ತಿ ಆದರೆ ಬಸ್ ಸ್ಟ್ಯಾಂಡ್ ಹತ್ತಿರದ ಸಗಟು ಅಂಗಡಿಗೆ ಹಾಕಬೇಕು. ಅಲ್ಲಿ 15 ರೂಪಾಯಿ ಕಡಿಮೆ, ನನಗೆ 80 ಉಳಿಯುತ್ತದೆ.

ಶಾಲಿನಿ_ಧಾರವಾಡ

ಹಾಗಾದರೆ ಕೋಡುಬಳೆಯನ್ನು ಎರಡು ಕಾಲಂ ಮಾಡಿ. ಮೊದಲನೆಯದು 95 ರೂಪಾಯಿಯದು, 10 ಕೆಜಿ ದಾಟಬಾರದು. ಎರಡನೆಯದು 80 ರೂಪಾಯಿಯದು. ಒಲೆ, ಎಣ್ಣೆ ಎರಡಕ್ಕೂ ಒಂದೇ ಲೆಕ್ಕ. ಈಗ (21, 6)ರಿಂದ ಹೊರಟು ಒಲೆಯ ಗೆರೆಯ ಮೇಲೆ ಕೋಡುಬಳೆ ಕಡೆಗೆ ನಡೆಯಿರಿ. 3 ಕೆಜಿ ಚಕ್ಕುಲಿ ಬಿಟ್ಟರೆ 180 ಹೋಗುತ್ತದೆ, 2 ಕೆಜಿ ಕೋಡುಬಳೆಗೆ 190 ಬರುತ್ತದೆ. 10 ಲಾಭ, ಮುಂದೆ ನಡೆಯಬಹುದು. ಕೋಡುಬಳೆ 10 ಕೆಜಿ ಆದ ಮೇಲೆ 180 ಹೋಗಿ 160 ಬರುತ್ತದೆ. ಅಲ್ಲೇ ನಿಲ್ಲಬೇಕು. ಚಕ್ಕುಲಿ 15, ಕೋಡುಬಳೆ 10, ಲಾಭ 1850. (21, 6)ರಲ್ಲಿ 1830, ಬರೀ ಕೋಡುಬಳೆ ಮಾಡಿದರೆ ಈಗ 1750 ಮಾತ್ರ.

ಹಳೆಯ ಚಿತ್ರದಲ್ಲಿ (15, 10) ಅಂಚಿನ ನಡುವೆ ಇತ್ತು. ರೇಟು ಮುರಿಯುವ ಜಾಗದಲ್ಲಿ ಹೊಸ ಮೂಲೆ ಹುಟ್ಟಿದೆ, ಅದಕ್ಕೇ ಉತ್ತರ ಅಲ್ಲಿ ನಿಂತಿದೆ. ನಿಮಗೆ ಅನ್ನಿಸಿದ್ದು ಇದೇ ತಾನೇ, ರೇಟು ಏರಿದರೆ ಕೋಡುಬಳೆ ಸ್ವಲ್ಪ ಜಾಸ್ತಿ ಆಗಬೇಕು ಅಂತ? ಅದಕ್ಕೆ ಬೇಕಾದ ಮಾಹಿತಿ ಹಳೆಯ ಲೆಕ್ಕದಲ್ಲಿ ಇರಲಿಲ್ಲ.

ಒಂದು ಎಚ್ಚರಿಕೆ. ಇದು ನಡೆಯುವುದು ಜಾಸ್ತಿ ಮಾರಿದಂತೆ ಲಾಭ ಇಳಿದರೆ ಮಾತ್ರ. ಯಾರಾದರೂ "10 ಕೆಜಿ ದಾಟಿದರೆ ಮೇಲಿನದಕ್ಕೆ ಬೋನಸ್" ಅಂದರೆ, ಸಾಲ್ವರ್ ಮೊದಲ ಕಾಲಂ ಖಾಲಿ ಬಿಟ್ಟು ನೇರ ಎರಡನೆಯದನ್ನೇ ತುಂಬುತ್ತದೆ. ಆಗ ಪೂರ್ಣಸಂಖ್ಯೆಯ ಷರತ್ತು ಇಲ್ಲದೆ ಬೇರೆ ದಾರಿ ಇಲ್ಲ.

ಸುಧಾ_ತಿಂಡಿಮನೆ

15 ಮತ್ತು 10 ಅಂದರೆ ಸರಿಯಾಗಿ 3 ಡಬ್ಬ, 2 ಡಬ್ಬ! ನಾಳೆಯೇ ಹೀಗೆ ಮಾಡುತ್ತೇನೆ. ಎಲ್ಲರಿಗೂ ಥ್ಯಾಂಕ್ಸ್. ಮಗನಿಗೂ ಈ ಚರ್ಚೆ ತೋರಿಸಿದೆ, ಸ್ಕೇಲ್ ಹಿಡಿದು ಕೂತಿದ್ದಾನೆ.

ಹಟ್ಟಿ_ಮಂಜು

ಶಾಲಿನಿ ಮೇಡಂ, ಹಿಂಡಿ ಮೂಟೆಗೆ ನಮಗೆ ಹಾಗೇ ಇದೆ. 10 ಮೂಟೆ ದಾಟಿದರೆ ರೇಟು ಕಡಿಮೆ ಮಾಡುತ್ತಾರೆ, ಅದೂ ಎಲ್ಲಾ ಮೂಟೆಗೂ. ನೀವು ಹೇಳಿದ ಎಚ್ಚರಿಕೆ ಇದಕ್ಕೇ ಅನ್ನಿಸುತ್ತದೆ. ಶೀಟಿನಲ್ಲಿ ಅದನ್ನು ಬರೆಯುವುದು ಹೇಗೆ?